ಲಕ್ವಾದಿಂದ ಮಾತು ಕಳೆದುಕೊಂಡವರಿಗೆ ಮನೆಯಲ್ಲಿ ಮಾತಿನ ಅಭ್ಯಾಸ: ಹತ್ತು ಪದಗಳಿಂದ ಆರಂಭ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಲಕ್ವಾ ಹೊಡೆದು ಆಸ್ಪತ್ರೆಯಿಂದ ಮನೆಗೆ ಮರಳಿದ ವ್ಯಕ್ತಿಯ ಕೈಕಾಲಿನ ದುರ್ಬಲತೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಎಣ್ಣೆ ಹಚ್ಚುವವರು, ವ್ಯಾಯಾಮ ಮಾಡಿಸುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ಮಾತಿನ ವಿಷಯ ಹಾಗಲ್ಲ. ಆತ ಬಾಯಿ ತೆರೆಯುತ್ತಾನೆ, ಹೇಳಬೇಕಾದುದು ಮನಸ್ಸಿನಲ್ಲಿದೆಯೆಂಬುದು ಮುಖದಲ್ಲಿ ಕಾಣುತ್ತದೆ, ಆದರೆ ಪದ ಹೊರಡುವುದಿಲ್ಲ. ಅಥವಾ ನೀರು ಬೇಕಾದಾಗ 'ಕೋಲು' ಎಂಬ ಮಾತು ಹೊರಬೀಳುತ್ತದೆ. ಇಂಥ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಅಫೇಸಿಯಾ ಎಂದು ಹೆಸರು. ಬಹುಪಾಲು ಜನರಲ್ಲಿ ಭಾಷೆಯ ವ್ಯವಹಾರವನ್ನು ನಡೆಸುವುದು ಮೆದುಳಿನ ಎಡಭಾಗ. ಅಲ್ಲಿಗೆ ರಕ್ತ ಹರಿಯುವ ನಾಳ ಮುಚ್ಚಿದಾಗ ಅಥವಾ ಒಡೆದಾಗ ಭಾಷೆಗೂ ದೇಹದ ಬಲಭಾಗಕ್ಕೂ ಒಟ್ಟಿಗೆ ಪೆಟ್ಟು ಬೀಳುತ್ತದೆ. ಬಲಗೈ ಬಿದ್ದವರಲ್ಲಿ ಮಾತೂ ಹೋಗಿರುವುದು ಹೆಚ್ಚಾಗಿ ಕಂಡುಬರುವುದಕ್ಕೆ ಕಾರಣ ಇದೇ.

ಎರಡು ಸ್ಥಿತಿಗಳನ್ನು ಮೊದಲಿಗೇ ಬೇರ್ಪಡಿಸಿಕೊಳ್ಳಬೇಕು. ಕೆಲವರಿಗೆ ನಾಲಿಗೆ, ತುಟಿಗಳ ಸ್ನಾಯುಗಳು ಮಾತ್ರ ದುರ್ಬಲವಾಗಿರುತ್ತವೆ. ಅವರ ಮಾತು ತೊದಲಿದರೂ ಪದಗಳು ಸರಿಯಾಗಿರುತ್ತವೆ, ಓದು ಬರಹವೂ ಉಳಿದಿರುತ್ತದೆ. ಅದು ಅಫೇಸಿಯಾ ಅಲ್ಲ. ಅಫೇಸಿಯಾದಲ್ಲಿ ಕೆಡುವುದು ಪದಗಳನ್ನು ಹುಡುಕಿ ತೆಗೆಯುವ, ಜೋಡಿಸುವ ಮತ್ತು ಕೆಲವರಲ್ಲಿ ಕೇಳಿದ ಮಾತನ್ನು ಅರಿಯುವ ಸಾಮರ್ಥ್ಯ. ಬುದ್ಧಿ, ನೆನಪು, ಮನೆಯವರ ಗುರುತು, ಹೊಲದ ಲೆಕ್ಕ ಇವು ಬಹುಮಟ್ಟಿಗೆ ಹಾಗೆಯೇ ಇರುತ್ತವೆ. ಈ ವ್ಯತ್ಯಾಸವನ್ನು ಅರಿಯದ ಮನೆಗಳಲ್ಲಿ 'ಅಪ್ಪಗ ತಲಿ ಹೋಗೇತಿ' ಎಂದು ತೀರ್ಮಾನಿಸಿ, ಆತನ ಎದುರಿಗೇ ಆತನ ವಿಷಯವನ್ನು ಇತರರೊಡನೆ ಮಾತನಾಡಲಾಗುತ್ತದೆ. ಆತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ ಸಾಧ್ಯತೆಯೇ ಹೆಚ್ಚು.

ಮಾತು ಮರಳುವ ವೇಗ ಮೊದಲ ಕೆಲವು ತಿಂಗಳುಗಳಲ್ಲಿ ಹೆಚ್ಚು. ಆಮೇಲೆ ನಿಧಾನವಾಗುತ್ತದೆ, ಆದರೆ ಅಭ್ಯಾಸವಿದ್ದರೆ ವರ್ಷಗಳ ನಂತರವೂ ಸುಧಾರಣೆ ಸಾಧ್ಯ. ವಾಕ್ ಚಿಕಿತ್ಸಕರ ಬಳಿಗೆ ವಾರಕ್ಕೊಮ್ಮೆ ಬೆಳಗಾವಿಗೋ ಮೀರಜಕ್ಕೋ ಹೋಗಿಬಂದರೂ ಉಳಿದ ಆರು ದಿನ ಆ ವ್ಯಕ್ತಿ ಇರುವುದು ಮನೆಯಲ್ಲಿ. ಆ ಆರು ದಿನಗಳಲ್ಲಿ ಮನೆಯವರು ಮಾಡಿಸಬಹುದಾದ ಅಭ್ಯಾಸದ ಒಂದು ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಚಿಕಿತ್ಸಕರು ಬೇರೆ ಕ್ರಮ ಸೂಚಿಸಿದ್ದರೆ ಅದನ್ನೇ ಅನುಸರಿಸತಕ್ಕದ್ದು.

ಅಂಕಲಿಪಿ ಬೇಡ, ಹತ್ತು ಪದಗಳು ಸಾಕು

ಮನೆಯವರು ಮೊದಲು ಮಾಡುವ ಕೆಲಸವೆಂದರೆ ಪೇಟೆಯಿಂದ ಮಕ್ಕಳ ಅಂಕಲಿಪಿ ತಂದು ಹಿರಿಯರ ಮುಂದೆ ಇಟ್ಟು 'ಅ ಆ ಇ ಈ' ಹೇಳಿಸುವುದು. ಉದ್ದೇಶ ಒಳ್ಳೆಯದೇ, ಆದರೆ ಪ್ರಯೋಜನ ಬಹಳ ಕಡಿಮೆ. ಮಗುವಿಗೆ ಅಕ್ಷರ ಹೊಸದು. ಲಕ್ವಾ ಆದವರಿಗೆ ಅಕ್ಷರ ಹೊಸದಲ್ಲ, ಪದಕ್ಕೆ ಹೋಗುವ ದಾರಿ ಕಡಿದುಹೋಗಿದೆ. ವರ್ಣಮಾಲೆಯನ್ನು ಸರಾಗವಾಗಿ ಒಪ್ಪಿಸಿದ ಮೇಲೂ ಅವರು 'ನೀರು' ಎಂದು ಕೇಳಲಾರದೆ ಇರಬಹುದು. ಜೊತೆಗೆ, ಊರ ಪಂಚರ ಸಾಲಿನಲ್ಲಿ ಕುಳಿತವರಿಗೆ ಮೊಮ್ಮಗನ ಪುಸ್ತಕ ಹಿಡಿಸುವುದು ಅವಮಾನವೂ ಆಗುತ್ತದೆ. ಕೆಲವರು ಅಭ್ಯಾಸವನ್ನೇ ನಿರಾಕರಿಸಿಬಿಡುತ್ತಾರೆ.

ಪದಗಳ ಆಯ್ಕೆಗೆ ಇಷ್ಟು ಮಹತ್ವ ಏಕೆಂದರೆ, ಈ ಬಗೆಯ ಅಭ್ಯಾಸದಲ್ಲಿ ಸುಧಾರಿಸುವುದು ಮುಖ್ಯವಾಗಿ ಅಭ್ಯಾಸ ಮಾಡಿದ ಪದಗಳೇ. ಅಭ್ಯಾಸ ಮಾಡದ ಪದಗಳಿಗೆ ಅದರ ಲಾಭ ಸಿಗುವುದು ಕಡಿಮೆ. ಅಫೇಸಿಯಾ ಚಿಕಿತ್ಸೆಯ ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಕಂಡುಬಂದಿದೆ. ಹಾಗಾಗಿ ಸಿಂಹ, ವಿಮಾನ, ಅನಾನಸು ಚಿತ್ರಗಳಿಗೆ ಒಂದು ತಿಂಗಳು ಕಳೆದರೆ ಆ ವ್ಯಕ್ತಿಗೆ ದೊರೆಯುವುದು ಸಿಂಹ, ವಿಮಾನ, ಅನಾನಸು ಎಂಬ ಪದಗಳು ಮಾತ್ರ. ಆತನಿಗೆ ಬೇಕಾಗಿರುವುದು ಬೇರೆ.

ಉದಾಹರಣೆಗಾಗಿ ಕಾಗವಾಡ ತಾಲ್ಲೂಕಿನ ಕೃಷ್ಣಾ ದಂಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಯಜಮಾನನಿಗೆ ವಯಸ್ಸು ಅರವತ್ತರ ಆಸುಪಾಸು, ಕಬ್ಬಿನ ಹೊಲ, ಎರಡು ಎಮ್ಮೆ. ಬಲಗೈ ಬಲಗಾಲು ದುರ್ಬಲ. ಮಾತನ್ನು ಸಾಕಷ್ಟು ಅರಿಯುತ್ತಾನೆ, ಹೇಳಲು ಬರುವುದು 'ಹೂಂ' ಮತ್ತು 'ಅಯ್ಯ' ಎಂಬೆರಡು ಮಾತು ಮಾತ್ರ. ಮನೆಯಲ್ಲಿ ಹೆಂಡತಿ, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು. ಈ ಮನೆಯವರು ಪದ ಆರಿಸಲು ಕೂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೆಳಗಿನಿಂದ ರಾತ್ರಿಯವರೆಗೆ ಈತ ಏನನ್ನು ಕೇಳಲಾಗದೆ ಸಿಟ್ಟಾಗುತ್ತಾನೆ? ಎರಡು ದಿನ ಗಮನಿಸಿ ಬರೆದರೆ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಆ ಮನೆಯ ಪಟ್ಟಿ ಹೀಗಿರಬಹುದು: ಚಾ, ನೀರ, ತಂಬಗಿ, ಗುಳಗಿ, ಸಂಡಾಸ, ಟೊಪಗಿ, ಚಾಳೀಸ, ಎಮ್ಮಿ, ಮಗನ ಹೆಸರು, ಮೊಮ್ಮಗಳ ಹೆಸರು.

ಈ ಪದಗಳನ್ನು ಪುಸ್ತಕದ ರೂಪದಲ್ಲಿ ಬರೆಯದೆ ಮನೆಯ ರೂಪದಲ್ಲಿಯೇ ಬರೆದಿರುವುದನ್ನು ಗಮನಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡದಲ್ಲಿಯೇ ಅಫೇಸಿಯಾ ಚಿಕಿತ್ಸೆಯ ಕೈಪಿಡಿಯನ್ನು ಸಿದ್ಧಪಡಿಸಿದೆ. ಅಂಥ ಸಾಮಗ್ರಿ ದೊರೆತರೆ ಅದು ಬಹಳ ಉಪಯುಕ್ತ. ಆದರೆ ಮೈಸೂರಿನ 'ಚೊಂಬು' ಅಥಣಿಯಲ್ಲಿ 'ತಂಬಗಿ', ಅಲ್ಲಿನ 'ಕನ್ನಡಕ' ಇಲ್ಲಿ 'ಚಾಳೀಸ', ಅಲ್ಲಿನ 'ಮಾತ್ರೆ' ಇಲ್ಲಿ 'ಗುಳಗಿ'. ಅರವತ್ತು ವರ್ಷ 'ತಂಬಗಿ' ಎಂದ ನಾಲಿಗೆಗೆ 'ಚೊಂಬು' ಕಲಿಸುವುದು ಕಳೆದುದನ್ನು ಹುಡುಕಿಕೊಟ್ಟಂತಲ್ಲ, ಹೊಸದೊಂದನ್ನು ಹೊರಿಸಿದಂತೆ. ಚಿತ್ರದ ಕೆಳಗಿನ ಪದವನ್ನು ಮನೆಯವರು ಪೆನ್ನಿನಿಂದ ತಿದ್ದಿಕೊಳ್ಳಲು ಹಿಂಜರಿಯಬಾರದು.

ಐದು ಮೆಟ್ಟಿಲುಗಳ ಸಹಾಯ

ಅಭ್ಯಾಸದ ತಿರುಳು ಇಷ್ಟು: ಪದವನ್ನು ಮನೆಯವರು ಹೇಳಿಕೊಡುವುದಲ್ಲ, ಆ ವ್ಯಕ್ತಿಯೇ ಹುಡುಕಿ ತೆಗೆಯುವಂತೆ ಮಾಡುವುದು, ಅದಕ್ಕೆ ಬೇಕಾದಷ್ಟೇ ಸಹಾಯ ಕೊಡುವುದು, ಹೆಚ್ಚು ಕೊಡದಿರುವುದು. ಸಹಾಯವನ್ನು ಐದು ಮೆಟ್ಟಿಲುಗಳಾಗಿ ಇಟ್ಟುಕೊಂಡರೆ ಕ್ರಮ ತಪ್ಪುವುದಿಲ್ಲ.

ಮೇಲೆ ಹೇಳಿದ ಮನೆಯಲ್ಲಿ ಸೊಸೆ ಟೊಪಗಿಯನ್ನು ಕೈಯಲ್ಲಿ ಹಿಡಿದು ಮಾವನ ಎದುರು ಕೂರುತ್ತಾಳೆ. ಚಿತ್ರಕ್ಕಿಂತ ನಿಜವಾದ ವಸ್ತು ಮೇಲು, ಅದೂ ಆತನೇ ದಿನಾ ಧರಿಸುತ್ತಿದ್ದ ಟೊಪಗಿಯಾದರೆ ಇನ್ನೂ ಮೇಲು. ಮೊದಲ ಮೆಟ್ಟಿಲಲ್ಲಿ ಆಕೆ 'ಇದು ಏನ್ರಿ ಮಾವಾರ?' ಎಂದು ಕೇಳಿ ಸುಮ್ಮನಾಗುತ್ತಾಳೆ. ಮನಸ್ಸಿನಲ್ಲಿ ಒಂದರಿಂದ ಹತ್ತರವರೆಗೆ ನಿಧಾನವಾಗಿ ಎಣಿಸುವಷ್ಟು ಹೊತ್ತು ಏನೂ ಮಾತನಾಡುವುದಿಲ್ಲ. ಇಡೀ ಅಭ್ಯಾಸದಲ್ಲಿ ಅತ್ಯಂತ ಕಷ್ಟವಾದುದು ಈ ಹತ್ತು ಎಣಿಕೆ. ಮೂರು ಎಣಿಸುವುದರೊಳಗೆ ಹತ್ತಿರ ಕೂತ ಯಾರಾದರೂ 'ಟೊಪಗಿ ಅನ್ರಿ, ಟೊಪಗಿ' ಎಂದು ಬಿಡುತ್ತಾರೆ, ಅಲ್ಲಿಗೆ ಆ ಸುತ್ತು ವ್ಯರ್ಥವಾಯಿತು. ಲಕ್ವಾ ಆದ ಮೆದುಳಿಗೆ ಪದ ಹುಡುಕಲು ಮೊದಲಿಗಿಂತ ಬಹಳ ಹೆಚ್ಚು ಸಮಯ ಬೇಕು. ಮೌನ ಇರುವಾಗ ಕೆಲಸ ನಡೆಯುತ್ತಿರುತ್ತದೆ.

ಪದ ಬರದಿದ್ದರೆ ಎರಡನೆಯ ಮೆಟ್ಟಿಲು: ವಸ್ತುವಿನ ಉಪಯೋಗವನ್ನು ಹೇಳಿ, ಕೈಯಿಂದ ಅಭಿನಯಿಸಿ ತೋರಿಸುವುದು. 'ಸಂತಿಗೆ ಹೋಗುವಾಗ ನೀವು ಇದನ್ನ ಬಿಟ್ಟು ಹೋಗತಿದ್ದಿಲ್ಲ, ಬಿಳೇದು, ತಲಿ ಮ್ಯಾಲ' ಎಂದು ಹೇಳಿ ಮತ್ತೆ ಕಾಯಬೇಕು. ಮೂರನೆಯ ಮೆಟ್ಟಿಲು ಅರ್ಧ ವಾಕ್ಯ: 'ತಲಿ ಮ್ಯಾಲ ಹಾಕ್ಕೊಳ್ಳೂದು...' ಎಂದು ಸ್ವರ ಏರಿಸಿ ನಿಲ್ಲಿಸುವುದು. ಇಲ್ಲಿ ಕನ್ನಡದ ಒಂದು ಗುಣವನ್ನು ಗಮನಿಸಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ತಲಿಗೆ ಟೊಪಗಿ...' ಎಂದು ನಿಲ್ಲಿಸಿದರೆ ಆತ ತುಂಬಬೇಕಾದ ಜಾಗ 'ಹಾಕ್ಕೊಳ್ಳೂದು' ಎಂಬುದು, ಟೊಪಗಿ ಅಲ್ಲ. ಹಾಗಾಗಿ ವಸ್ತುವಿನ ಹೆಸರು ಬೇಕಾದಾಗ 'ಕುಡಿಯೂದು...' (ನೀರ), 'ಜ್ವರ ಬಂದ್ರ ನುಂಗೂದು...' (ಗುಳಗಿ) ಎಂದು ಹೆಸರು ಕೊನೆಗೆ ಬರುವ ಹಾಗೆ ವಾಕ್ಯವನ್ನು ಕಟ್ಟಿಕೊಳ್ಳಬೇಕು. ಕ್ರಿಯಾಪದದ ಅಭ್ಯಾಸ ಬೇಕಾದಾಗ ಸಹಜ ಕ್ರಮವೇ ಅನುಕೂಲ: 'ಎಮ್ಮಿ ಹಾಲ...' ಎಂದರೆ 'ಹಿಂಡ' ಎಂಬುದು ಹಲವು ಬಾರಿ ತಾನಾಗಿಯೇ ಜಾರಿ ಬರುತ್ತದೆ.

ನಾಲ್ಕನೆಯ ಮೆಟ್ಟಿಲಲ್ಲಿ ಮೊದಲ ಅಕ್ಷರವನ್ನು ಕೊಡಬೇಕು. ತುಟಿ ನಾಲಿಗೆ ಕಾಣುವಂತೆ ಮುಖವನ್ನು ಬೆಳಕಿನ ಕಡೆ ಇಟ್ಟು 'ಟೊ...' ಎನ್ನಬೇಕು. 'ಪ, ಮ, ಬ' ಅಕ್ಷರಗಳಿಂದ ಆರಂಭವಾಗುವ ಪದಗಳಿಗೆ ತುಟಿ ಮುಚ್ಚಿ ತೋರಿಸುವುದೇ ಅರ್ಧ ಸಹಾಯ. ಇದರಿಂದಲೂ ಬರದಿದ್ದರೆ ಐದನೆಯ ಮೆಟ್ಟಿಲು: ಪೂರ್ತಿ ಪದವನ್ನು ಹೇಳಿ, ಇಬ್ಬರೂ ಒಟ್ಟಿಗೆ ಎರಡು ಮೂರು ಬಾರಿ ನಿಧಾನವಾಗಿ ಅನ್ನುವುದು. ಐದನೆಯ ಮೆಟ್ಟಿಲಿಗೆ ಬಂದುದು ಸೋಲಲ್ಲ. ಮೊದಲ ವಾರದಲ್ಲಿ ಎಲ್ಲ ಪದಗಳೂ ಐದರಲ್ಲಿಯೇ ಇರಬಹುದು.

ಪದ ಬಂದೊಡನೆ ಮುಂದಿನದಕ್ಕೆ ಓಡಬಾರದು. ಬಂದ ಪದವನ್ನು ಒಂದೆರಡು ನಿಮಿಷ ಬೇರೆ ಮಾತನಾಡಿ ಮತ್ತೆ ಕೇಳಬೇಕು, ಆಮೇಲೆ ಐದು ನಿಮಿಷ ಬಿಟ್ಟು, ಆಮೇಲೆ ಊಟದ ಹೊತ್ತಿಗೆ. ಹೀಗೆ ಅಂತರ ಹಿಗ್ಗಿಸುತ್ತಾ ಕೇಳಿದರೆ ಪದ ಗಟ್ಟಿಯಾಗುತ್ತದೆ. ಒಂದೇ ಉಸಿರಿಗೆ ಇಪ್ಪತ್ತು ಬಾರಿ 'ಟೊಪಗಿ ಟೊಪಗಿ' ಎಂದು ಹೇಳಿಸಿದರೆ ಆ ಗಟ್ಟಿತನ ಬರುವುದಿಲ್ಲ.

ಒಂದು ಬಾರಿಗೆ ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಬಾರಿ ಸಾಕು. ಬೆಳಿಗ್ಗೆ ದಣಿವಿಲ್ಲದ ಹೊತ್ತು ಒಳ್ಳೆಯದು. ಟಿ.ವಿ., ಗಿರಣಿಯ ಸದ್ದು, ಅತಿಥಿಗಳು ಇರಬಾರದು. ಕೆಲವರಿಗೆ ಲಕ್ವಾದ ನಂತರ ಬಲಗಡೆಯ ದೃಷ್ಟಿಯೂ ಕುಂದಿರುತ್ತದೆ. ಬಲಕ್ಕೆ ಇಟ್ಟ ವಸ್ತುವನ್ನು ಅವರು ನೋಡುವುದೇ ಇಲ್ಲ, ಮನೆಯವರು ಅದನ್ನು ಮರೆವು ಎಂದು ಎಣಿಸುತ್ತಾರೆ. ವಸ್ತುವನ್ನು ನಡುವೆ ಅಥವಾ ಎಡಕ್ಕೆ ಹಿಡಿದರೆ ಸಂದೇಹ ತೀರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಚಹಾ ತೋರಿಸಿ, ಪದ ಹೇಳಿದ ಮೇಲೆ ಕುಡಿಸುವ ಪದ್ಧತಿ ಮನೆಗಳಲ್ಲಿ ತಾನಾಗಿ ಬರುತ್ತದೆ. ಲಕ್ವಾ ಆದವರಲ್ಲಿ ಕೆಲವರಿಗೆ ನುಂಗುವ ತೊಂದರೆಯೂ ಇರುತ್ತದೆ. ಕುಡಿದಾಗ ಕೆಮ್ಮು ಬಂದರೆ ಅಥವಾ ಕುಡಿದ ಬಳಿಕ ಧ್ವನಿ ಗೊರಗೊರ ಎಂದರೆ ತಿನ್ನುವ ಕುಡಿಯುವ ವಸ್ತುಗಳಿಂದ ಅಭ್ಯಾಸ ಮಾಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ದ್ರವ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಇನ್ನೊಂದು ಮಾತು: ಪದ ಹೇಳದ ಹೊರತು ನೀರು ಕೊಡುವುದಿಲ್ಲ ಎಂಬ ಹಟ ಎಂದಿಗೂ ಸಲ್ಲದು. ಕೈ ತೋರಿಸಿದರೂ ಕೊಡಬೇಕು, ಕೊಡುತ್ತಾ 'ನೀರ' ಎಂದು ತಾವೇ ಹೇಳಬೇಕು.

ತಪ್ಪು ಪದ ಬಂದಾಗ

ಟೊಪಗಿ ತೋರಿಸಿದಾಗ ಆತ 'ಚಪ್ಪಲಿ' ಎಂದರೆ ಸೊಸೆ ನಗಬಾರದು, 'ತಪ್ಪು' ಎಂದೂ ಹೇಳಬೇಕಾಗಿಲ್ಲ. ಅದು ಒಂದು ಒಳ್ಳೆಯ ಲಕ್ಷಣ: ಧರಿಸುವ ವಸ್ತುಗಳ ಗುಂಪಿನವರೆಗೆ ಆತ ತಲುಪಿದ್ದಾನೆ. 'ಅದೂ ಹಾಕ್ಕೊಳ್ಳೂದ ಖರೆ, ಇದು ತಲಿ ಮ್ಯಾಲಿಂದು' ಎಂದು ಹೇಳಿ ಮುಂದಿನ ಮೆಟ್ಟಿಲಿಗೆ ಹೋಗಬೇಕು. 'ಟೊಪಡಿ' ಎಂಬಂತೆ ಧ್ವನಿ ಹತ್ತಿರ ಬಂದರೆ ಒಪ್ಪಿಕೊಂಡು, ಸರಿಯಾದ ಪದವನ್ನು ಒಂದು ಬಾರಿ ಸ್ಪಷ್ಟವಾಗಿ ಹೇಳಿ ಮುಂದೆ ಸಾಗಬೇಕು.

ಇನ್ನೊಂದು ಬಗೆಯ ತೊಡಕು ಮನೆಯವರನ್ನು ಹೆಚ್ಚು ಗಾಬರಿಗೊಳಿಸುತ್ತದೆ. ಒಮ್ಮೆ 'ಟೊಪಗಿ' ಬಂದಿತೆಂದರೆ ಆಮೇಲೆ ತಂಬಗಿಗೂ ಟೊಪಗಿ, ಚಾಳೀಸಕ್ಕೂ ಟೊಪಗಿ. ಇದು ಹಟವೂ ಅಲ್ಲ, ಹುಚ್ಚೂ ಅಲ್ಲ. ಸಿಕ್ಕ ಪದದಲ್ಲಿ ಮೆದುಳು ಸಿಲುಕಿಕೊಂಡಿದೆ. ಒತ್ತಾಯಿಸಿದಷ್ಟೂ ಸಿಲುಕು ಬಿಗಿಯಾಗುತ್ತದೆ. ವಸ್ತುಗಳನ್ನು ಬದಿಗಿಟ್ಟು ಎರಡು ನಿಮಿಷ ಬೇರೇನಾದರೂ ಮಾಡಿ, ಆಮೇಲೆ ಬೇರೆ ಜಾತಿಯ ಪದದಿಂದ, ಉದಾಹರಣೆಗೆ ಮೊಮ್ಮಗಳ ಹೆಸರಿನಿಂದ, ಮತ್ತೆ ಆರಂಭಿಸಬೇಕು.

'ಮಾತು ಬರೂದಿಲ್ಲ, ಆದರ ಭಜನಿ ಹಾಡತಾರ, ಹಂಗಾರ ನಾಟಕ ಮಾಡತಾರೇನು?' ಎಂಬ ಸಂಶಯವೂ ಈ ಭಾಗದಲ್ಲಿ ಅಪರೂಪವಲ್ಲ. ನಾಟಕವಲ್ಲ. ಬಾಯಿಪಾಠವಾದ ಅಭಂಗ, ವಚನ, ಒಂದು ಎರಡರ ಎಣಿಕೆ, ವಾರಗಳ ಹೆಸರು, ಬೈಗುಳ ಇವು ಯೋಚಿಸಿ ಕಟ್ಟುವ ಮಾತಿಗಿಂತ ಬೇರೆಯ ದಾರಿಯಲ್ಲಿ ಬರುತ್ತವೆ. ಹಾಡಿದ ಮಾತ್ರಕ್ಕೆ 'ನೀರ' ಎಂಬ ಪದ ಮರಳುವುದಿಲ್ಲ. ಆದರೆ ಅಭ್ಯಾಸಕ್ಕೆ ಮುಂಚೆ ಎರಡು ನಿಮಿಷ ಒಟ್ಟಿಗೆ ಹಾಡಿದರೆ ನಾಲಿಗೆ ಸಡಿಲಗೊಂಡು ಮನಸ್ಸು ಹಗುರಾಗುತ್ತದೆ.

ಈ ಹೆಸರು ಹೇಳಿಸುವ ಅಭ್ಯಾಸವು ಎಲ್ಲ ಅಫೇಸಿಯಾಕ್ಕೂ ಹೊಂದುವುದಿಲ್ಲ. ಕೆಲವರು ಸರಾಗವಾಗಿ ಬಹಳ ಮಾತನಾಡುತ್ತಾರೆ, ಅದರಲ್ಲಿ ಅರ್ಥವಿರುವುದಿಲ್ಲ, ತಾವು ತಪ್ಪುತ್ತಿರುವುದೂ ಅವರಿಗೆ ತಿಳಿಯದು. ಅವರಲ್ಲಿ ಹೆಚ್ಚು ಕೆಟ್ಟಿರುವುದು ಕೇಳಿ ಅರಿಯುವ ಶಕ್ತಿ. ಅಂಥವರಿಗೆ ಚಿಕ್ಕ ವಾಕ್ಯ, ಕೈಸನ್ನೆ, ವಸ್ತುವನ್ನು ತೋರಿಸಿ ಮಾತನಾಡುವುದು ಮೊದಲು ಬೇಕು; ಚಿಕಿತ್ಸಕರನ್ನು ಕೇಳದೆ ಮೆಟ್ಟಿಲುಗಳ ಅಭ್ಯಾಸಕ್ಕೆ ಇಳಿಯಬಾರದು.

ಕನ್ನಡವೋ ಮರಾಠಿಯೋ

ಈ ಐದು ತಾಲ್ಲೂಕುಗಳ ಮನೆಗಳಿಗೆ ಇದು ವಿಶೇಷ ಪ್ರಶ್ನೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಅಥವಾ ನಿಪ್ಪಾಣಿಯ ಅನೇಕ ಮನೆಗಳಲ್ಲಿರುವಂತೆ ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ. ಚಿಕಿತ್ಸೆ ಮೀರಜದಲ್ಲಿಯೋ ಕೊಲ್ಹಾಪುರದಲ್ಲಿಯೋ ಆಗಿದ್ದರೆ ಅಲ್ಲಿ ಬರೆದುಕೊಟ್ಟ ಪದಗಳ ಹಾಳೆ ಮರಾಠಿಯಲ್ಲಿರುತ್ತದೆ. ಕನ್ನಡದ ಮನೆಯವರು ಡಾಕ್ಟರ್ ಕೊಟ್ಟ ಹಾಳೆಯೆಂದು ಅದನ್ನೇ ಹಿಡಿದು 'ಪಾಣಿ, ಭಾಕರಿ' ಎಂದು ಹೇಳಿಸುತ್ತಾರೆ. ಆತನ ತಾಯಿ, ಹೆಂಡತಿ, ಮಕ್ಕಳೊಡನೆ ಆಡಿದ ಮಾತು 'ನೀರ, ರೊಟ್ಟಿ'. ಹಾಳೆಯ ಕ್ರಮವನ್ನು ಉಳಿಸಿಕೊಂಡು ಪದಗಳನ್ನು ಮನೆಯ ಮಾತಿಗೆ ತಿರುಗಿಸಿಕೊಳ್ಳುವುದು ಸರಿ. ಮುಂದಿನ ಭೇಟಿಯಲ್ಲಿ ಚಿಕಿತ್ಸಕರಿಗೂ ಮನೆಮಾತು ಯಾವುದೆಂದು ತಿಳಿಸಬೇಕು.

ಎರಡು ಭಾಷೆ ಬಲ್ಲವರಲ್ಲಿ ಹಲವರಿಗೆ ಎರಡೂ ಜೊತೆಜೊತೆಯಾಗಿ ಮರಳುತ್ತವೆ, ಕೆಲವರಿಗೆ ಒಂದು ಮುಂದಾಗಿ ಬರುತ್ತದೆ. ಯಾವುದು ಮುಂದಾಗುವುದೆಂದು ಮೊದಲೇ ಹೇಳಲು ಬಾರದು. ಆದ್ದರಿಂದ ಲಕ್ವಾಕ್ಕೆ ಮುಂಚೆ ಮನೆಯಲ್ಲಿ ಹೆಚ್ಚು ಆಡುತ್ತಿದ್ದ ಭಾಷೆಯಲ್ಲಿ ಅಭ್ಯಾಸ ಆರಂಭಿಸಬೇಕು, ಇನ್ನೊಂದನ್ನು ತಡೆಯಬಾರದು. ಸೊಸೆ 'ನೀ...' ಎಂದು ಅಕ್ಷರ ಕೊಟ್ಟಾಗ ಮಾವ 'ಪಾಣಿ' ಎಂದರೆ ಅದು ಸರಿಯಾದ ಉತ್ತರ. ಆತನಿಗೆ ನೀರು ಸಿಗಬೇಕು, ಪುಸ್ತಕದಲ್ಲಿ ಗುರುತು ಬೀಳಬೇಕು. ಗಡಿಯ ಭಾಷಾವಾದವನ್ನು ರೋಗಿಯ ಹಾಸಿಗೆಯ ಬಳಿಗೆ ತರುವ ಅಗತ್ಯವಿಲ್ಲ.

ಗುರುತಿನ ಪುಸ್ತಕ

ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹತ್ತು ಪದಗಳು, ಮೇಲೆ ದಿನಾಂಕಗಳು. ಪ್ರತಿ ಪದದ ಎದುರು ಆ ದಿನ ಎಷ್ಟನೆಯ ಮೆಟ್ಟಿಲಿನ ಸಹಾಯ ಬೇಕಾಯಿತೆಂಬ ಅಂಕಿ. ಟೊಪಗಿಯ ಸಾಲು ಎರಡು ವಾರದಲ್ಲಿ 5, 5, 5, 4, 5, 4, 4, 3, 4, 3, 3, 2 ಎಂದು ಸಾಗಿದರೆ ಪದ ಮರಳುತ್ತಿದೆ. ನಡುವೆ ಒಂದು ದಿನ ಹಿಂದಕ್ಕೆ ಜಾರುವುದು ಸಹಜ. ನಿದ್ದೆ ಕೆಟ್ಟ ದಿನ, ಜ್ವರದ ದಿನ ಹಾಗಾಗುತ್ತದೆ. ಮೂರು ದಿನ ಒಂದೇ ಸಮನೆ 1 ಬಂದ ಪದವನ್ನು ವಾರಕ್ಕೊಮ್ಮೆ ಮಾತ್ರ ಕೇಳುತ್ತಾ, ಅದರ ಜಾಗಕ್ಕೆ ಹೊಸ ಪದ ತರಬೇಕು. ಮೂರು ವಾರ ಕಳೆದರೂ 5ರಿಂದ ಅಲುಗದ ಪದವಿದ್ದರೆ ಅದನ್ನು ಬಿಟ್ಟು ಚಿಕ್ಕದಾದ, ಹೆಚ್ಚು ಬೇಕಾದ ಇನ್ನೊಂದನ್ನು ಆರಿಸುವುದು ಮೇಲು.

ಐದಾರು ಪದಗಳು 2ಕ್ಕೆ ಇಳಿದ ಮೇಲೆ 'ಬೇಕ', 'ಬ್ಯಾಡ', 'ಸಾಕ' ಎಂಬ ಮೂರನ್ನು ಸೇರಿಸಬೇಕು. 'ಚಾ ಬೇಕ', 'ಗುಳಗಿ ಬ್ಯಾಡ', 'ನೀರ ಸಾಕ'. ಇಲ್ಲಿಂದ ಮಾತು ವ್ಯವಹಾರಕ್ಕೆ ಬರುತ್ತದೆ. ವಿಭಕ್ತಿ ಪ್ರತ್ಯಯ ಬಿಟ್ಟುಹೋದರೆ ತಿದ್ದಬೇಕಾಗಿಲ್ಲ, 'ಮಗ... ಹೊಲ... ಹೋದ' ಎಂದರೆ ಅರ್ಥವಾಯಿತು. 'ಹೌದ್ರಿ, ಮಗ ಹೊಲಕ್ಕ ಹೋದ' ಎಂದು ಪೂರ್ತಿ ವಾಕ್ಯವನ್ನು ಮನೆಯವರು ಸಹಜವಾಗಿ ತಿರುಗಿ ಹೇಳಿದರೆ ಸಾಕು. ಪುಸ್ತಕದ ಕೊನೆಯ ಹಾಳೆಯಲ್ಲಿ ಇನ್ನೊಂದು ಗುರುತು ಇರಲಿ: ಅಭ್ಯಾಸದ ಹೊರಗೆ, ಯಾರೂ ಕೇಳದೆ, ತಾನಾಗಿ ಬಂದ ಪದಗಳು. ಅಭ್ಯಾಸದಲ್ಲಿ 1 ಬಂದರೂ ಹೊರಗೆ ಒಮ್ಮೆಯೂ ಬಾರದ ಪದ ಇನ್ನೂ ಕೆಲಸಕ್ಕೆ ಬಂದಿಲ್ಲ. ಆಗ ಅಭ್ಯಾಸವನ್ನು ಕೋಣೆಯಿಂದ ಎಬ್ಬಿಸಿ ದನದ ಕೊಟ್ಟಿಗೆಗೆ, ಪಡಸಾಲೆಗೆ ಒಯ್ಯಬೇಕು. 'ಎಮ್ಮಿ' ಎಂಬ ಪದ ಎಮ್ಮೆಯ ಮುಂದೆ ಬರಬೇಕು.

ತಲೆಯಾಡಿಸಿದರೆ ಒಪ್ಪಿಗೆಯೇ?

ಪಂಚಾಯಿತಿ ಸದಸ್ಯರಿಗೆ ನೇರವಾಗಿ ಸಂಬಂಧಿಸಿದ ಭಾಗ ಇದು. ಅಫೇಸಿಯಾ ಇರುವ ವ್ಯಕ್ತಿಯನ್ನು ಖಾತೆ ಬದಲಾವಣೆಗೆ, ಪಾಲುಪತ್ರಕ್ಕೆ, ಪಿಂಚಣಿಯ ಕಾಗದಕ್ಕೆ ಕರೆತಂದು, 'ಅಪ್ಪಾ, ಒಪ್ಪಿಗಿ ಐತೆಲ್ಲಾ?' ಎಂದು ಕೇಳಿ, ಆತ ತಲೆಯಾಡಿಸಿದಾಗ ಹೆಬ್ಬೆಟ್ಟು ಒತ್ತಿಸುವ ಸಂದರ್ಭಗಳು ಬರುತ್ತವೆ. ಅಫೇಸಿಯಾದಲ್ಲಿ ಹೌದು, ಇಲ್ಲ ಎಂಬ ಮಾತುಗಳೂ ತಲೆಯಾಡಿಕೆಯೂ ಅದಲುಬದಲಾಗುತ್ತವೆ. ಕೆಲವರು ಎಲ್ಲ ಪ್ರಶ್ನೆಗೂ ಹೌದೆನ್ನುತ್ತಾರೆ. ಕೆಲವರು ಇಲ್ಲವೆನ್ನಬೇಕೆಂದೇ ಹೌದೆನ್ನುತ್ತಾರೆ, ತಪ್ಪಿದುದು ತಿಳಿದು ಕಣ್ಣೀರು ತರುತ್ತಾರೆ.

ಪರೀಕ್ಷಿಸುವ ವಿಧಾನ ಸುಲಭ. ಉತ್ತರ ಎಲ್ಲರಿಗೂ ತಿಳಿದಿರುವ ಎಂಟು ಹತ್ತು ಪ್ರಶ್ನೆಗಳನ್ನು ಹೌದು, ಇಲ್ಲ ಬೆರೆಸಿ ಕೇಳಬೇಕು: 'ಈಗ ರಾತ್ರಿ ಏನ್ರಿ?', 'ಇವನು ನಿಮ್ಮ ಮಗ ಹೌದಲ್ಲೋ?', 'ಹೊಲದಾಗ ಕಬ್ಬ ಐತೇನ್ರಿ?', 'ನಿಮ್ಮ ಕಡೆ ಆನೆ ಅದಾವೇನ್ರಿ?' ಅರ್ಧದಷ್ಟು ಸರಿ ಬಂದರೆ ಅದು ಊಹೆಗೆ ಸಮ, ಉತ್ತರವೆಂದು ಎಣಿಸಬಾರದು. ಎಲ್ಲವೂ ಅಥವಾ ಹೆಚ್ಚುಕಡಿಮೆ ಎಲ್ಲವೂ ಸರಿಯಿದ್ದರೆ ಮಾತ್ರ ಮುಂದಿನ ಪ್ರಶ್ನೆ. ಅದನ್ನೂ ಎರಡು ದಿಕ್ಕಿನಿಂದ ಕೇಳಬೇಕು: 'ಈ ಹೊಲ ಮಗನ ಹೆಸರಿಗೆ ಮಾಡೂದೇನ್ರಿ?' ಸ್ವಲ್ಪ ಹೊತ್ತು ಬಿಟ್ಟು, 'ಈ ಹೊಲ ನಿಮ್ಮ ಹೆಸರಿಗೇ ಇರಲೇನ್ರಿ?' ಎರಡಕ್ಕೂ ಹೌದೆಂದರೆ ಅಲ್ಲಿ ಒಪ್ಪಿಗೆ ಇಲ್ಲ. ಎರಡು ಚೀಟಿಗಳ ಮೇಲೆ ಚಿತ್ರ ಬರೆದು ಎಡಗೈಯಿಂದ ಮುಟ್ಟಿ ತೋರಿಸಲು ಹೇಳುವುದು ಇನ್ನೂ ಭದ್ರ. ಇಷ್ಟು ಪರಿಶೀಲನೆಗೆ ಹತ್ತು ನಿಮಿಷ ಸಾಕು. ಸಂದೇಹ ಉಳಿದರೆ ಆ ದಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸದೆ, ವೈದ್ಯರ ಅಭಿಪ್ರಾಯ ತರಲು ಹೇಳುವುದು ಉಚಿತ. ಮಾತು ಬಾರದೆಂಬ ಒಂದೇ ಕಾರಣಕ್ಕೆ ಆತನನ್ನು ಕೇಳದೆ ಬಿಡುವುದೂ ಅಷ್ಟೇ ತಪ್ಪು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ 'ವಾಕ್ ಮತ್ತು ಭಾಷಾ ವೈಕಲ್ಯ' ಎಂಬುದು ಸೇರಿದೆ, ಅದರ ವಿವರಣೆಯಲ್ಲಿ ಅಫೇಸಿಯಾದ ಹೆಸರೂ ಇದೆ. ಲಕ್ವಾ ಆದವರಿಗೆ ಕೈಕಾಲಿನ ವೈಕಲ್ಯಕ್ಕೆ ಮಾತ್ರ ಪ್ರಮಾಣಪತ್ರ ಮಾಡಿಸಿ ಮಾತಿನ ವಿಷಯವನ್ನು ಬಿಟ್ಟುಬಿಡುವುದು ಸಾಮಾನ್ಯ. ಅರ್ಜಿಯಲ್ಲಿ ಎರಡನ್ನೂ ತೋರಿಸಬೇಕು. ಕಾಯ್ದೆ ಹೇಳುವುದು ಶಾಶ್ವತ ವೈಕಲ್ಯವನ್ನು, ಆದ್ದರಿಂದ ಲಕ್ವಾ ಆದ ಕೂಡಲೇ ಅಲ್ಲ, ಚಿಕಿತ್ಸೆ ನಡೆದು ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆ ಪರೀಕ್ಷೆಯಾಗುತ್ತದೆ. ವೈಕಲ್ಯ ಶೇ. 40ಕ್ಕೆ ಕಡಿಮೆಯಿಲ್ಲದಿದ್ದರೆ ಹಲವು ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಯು.ಡಿ.ಐ.ಡಿ. ಗುರುತಿನ ಚೀಟಿಯ ಅರ್ಜಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸಹಾಯ ಮಾಡುತ್ತಾರೆ. ಪರೀಕ್ಷೆಯ ದಿನ ಗುರುತಿನ ಪುಸ್ತಕವನ್ನು ಜೊತೆಗೆ ಒಯ್ದರೆ, ಮನೆಯಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ತಜ್ಞರಿಗೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಬೆಳಗಾವಿಯವರೆಗೆ ವಾರವಾರ ಹೋಗಲಾಗದ ಮನೆಗಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ದೂರ ಪುನರ್ವಸತಿ ಸೇವೆಯನ್ನು ವಿಚಾರಿಸಬಹುದು. ಅಲ್ಲಿನ ತಜ್ಞರು ವಿಡಿಯೋ ಕರೆಯ ಮೂಲಕವೂ ಮಾರ್ಗದರ್ಶನ ನೀಡುತ್ತಾರೆ.

ಪುಸ್ತಕ ಇಡುವುದರಿಂದ ಇನ್ನೊಂದು ಉಪಯೋಗವಿದೆ. ವಾರಗಳಿಂದ 2, 1 ಇದ್ದ ಪದಗಳು ಒಂದು ಬೆಳಿಗ್ಗೆ ಥಟ್ಟನೆ ಎಲ್ಲವೂ ಹೋಗಿಬಿಟ್ಟರೆ, ಅಥವಾ ಅದರ ಜೊತೆ ಬಾಯಿ ಸೊಟ್ಟಗಾದರೆ, ಕೈಯ ಬಲ ಮತ್ತೆ ಕುಂದಿದರೆ ಅದು ದಣಿವಲ್ಲ, ಎರಡನೆಯ ಲಕ್ವಾ ಇರಬಹುದು. ಅಂದಿನ ಅಭ್ಯಾಸವನ್ನು ಬಿಟ್ಟು, ಲಕ್ಷಣ ಆರಂಭವಾದ ಗಂಟೆಯನ್ನು ಅದೇ ಪುಸ್ತಕದಲ್ಲಿ ಬರೆದು, 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ ವೈದ್ಯರು ಮೊದಲು ಕೇಳುವುದು ಆ ಗಂಟೆಯನ್ನೇ.